ದುಬೈಯ ಖಾತೆ ವಿಟ್ಲದ ಮೊಬೈಲಿಗೆ ಬಂದ ಬಗೆ

2025ರ ನವೆಂಬರ್ ಕೊನೆಯಲ್ಲಿ ದೇಶದ ಸುಮಾರು 25 ಸಾವಿರ ಮಂದಿಯನ್ನು ಗುರುತಿಸಿ ಆದಾಯ ತೆರಿಗೆ ಇಲಾಖೆ ಮೊಬೈಲ್ ಮತ್ತು ಇಮೇಲ್‌ಗೆ ಸಂದೇಶ ಕಳಿಸತೊಡಗಿತು. ನಿಮ್ಮ ಹೆಸರಿನಲ್ಲಿ ವಿದೇಶದಲ್ಲಿ ಖಾತೆಯೋ ಷೇರೋ ಇರುವ ಮಾಹಿತಿ ನಮಗೆ ಬಂದಿದೆ, ರಿಟರ್ನ್‌ನಲ್ಲಿ ಅದು ಕಾಣುತ್ತಿಲ್ಲ, ಡಿಸೆಂಬರ್ 31ರೊಳಗೆ ತಿದ್ದಿಕೊಳ್ಳಿ ಎಂಬುದು ಅದರ ಸಾರ. ಹದಿನಾರು ವರ್ಷ ಗಲ್ಫಿನಲ್ಲಿ ದುಡಿದು ಬಂದು ವಿಟ್ಲದಲ್ಲಿ ಅಡಿಕೆ ತೋಟ ನೋಡಿಕೊಂಡಿರುವವರ ಮನೆಗೆ ಇಂಥದ್ದು ಬಂದರೆ ಆ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಬಿಸಿಲಿನಲ್ಲಿ ನಿಂತು ಗಳಿಸಿದ ದುಡ್ಡು ಕಪ್ಪುಹಣ ಹೇಗಾಯಿತು ಎಂದು ಕೇಳುತ್ತಾರೆ. ಆಗಿಲ್ಲ. ಆದರೆ ಆ ಮೆಸೇಜ್ ಎಲ್ಲಿಂದ ಹೊರಟಿತು ಎಂದು ತಿಳಿದರೆ, ಉತ್ತರ ಎಲ್ಲಿ ಹುಡುಕಬೇಕೆಂದೂ ತಿಳಿಯುತ್ತದೆ.

ಕಥೆ ಶುರುವಾದದ್ದು ಗಲ್ಫಿನಿಂದಲ್ಲ, ಸ್ವಿಟ್ಜರ್ಲೆಂಡಿನಿಂದ. ಜಿನೀವಾದ ಒಂದು ಬ್ಯಾಂಕಿನಲ್ಲಿ ಖಾತೆಯಿದ್ದ 628 ಭಾರತೀಯರ ಪಟ್ಟಿಯನ್ನು 2011ರಲ್ಲಿ ಫ್ರಾನ್ಸ್ ಸರ್ಕಾರ ಭಾರತಕ್ಕೆ ಕೊಟ್ಟಿತು. ಮರುವರ್ಷದ ಬಜೆಟ್‌ನಲ್ಲಿ ರಿಟರ್ನ್ ಫಾರಮ್ಮಿಗೆ ಹೊಸ ಪುಟವೊಂದು ಸೇರಿತು. ಅದೇ ಶೆಡ್ಯೂಲ್ ಎಫ್‌ಎ, ವಿದೇಶಿ ಆಸ್ತಿಗಳ ಪಟ್ಟಿ. ಇಲ್ಲಿಯ ಸಾಮಾನ್ಯ ನಿವಾಸಿಯಾದವನು ಹೊರದೇಶದಲ್ಲಿ ಏನೇ ಇಟ್ಟುಕೊಂಡಿದ್ದರೂ, ತೆರಿಗೆಯಷ್ಟು ಆದಾಯವೇ ಇಲ್ಲದಿದ್ದರೂ, ರಿಟರ್ನ್ ಹಾಕಿ ಅದನ್ನು ಬರೆಯಬೇಕಾಯಿತು. ಅಡಿಕೆ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ರಿಟರ್ನ್ ಯಾಕೆ ಎಂದುಕೊಂಡಿರುವ ನಮ್ಮ ಕಡೆಯವರು ಮೊದಲು ಎಡವುವುದು ಇಲ್ಲಿ.

ಹೀಗೆ ಜನರೇ ಬರೆಯಬೇಕಿದ್ದ ಲೆಕ್ಕ, ಬ್ಯಾಂಕುಗಳೇ ಕೊಡುವ ಲೆಕ್ಕವಾದದ್ದು ಮುಂದಿನ ಹೆಜ್ಜೆ. ದೇಶದೇಶಗಳ ನಡುವೆ ಖಾತೆಗಳ ವಿವರ ವರ್ಷಕ್ಕೊಮ್ಮೆ ತಾನಾಗಿಯೇ ಹೋಗಿ ಬರುವ ಪದ್ಧತಿಯನ್ನು ಓಇಸಿಡಿ ಎಂಬ ರಾಷ್ಟ್ರಗಳ ಒಕ್ಕೂಟ 2014ರಲ್ಲಿ ರೂಪಿಸಿತು. ಭಾರತ ಅದಕ್ಕೆ ಸಹಿ ಹಾಕಿದ್ದು 2015ರ ಜೂನ್ 3ರಂದು. ಯುಎಇ ಮತ್ತು ಸೌದಿ ಅರೇಬಿಯ ಈ ವಿನಿಮಯಕ್ಕೆ ಇಳಿದದ್ದು 2018ರಲ್ಲಿ. ಇದಕ್ಕಾಗಿ ಅಲ್ಲಿಯ ಬ್ಯಾಂಕು ಗ್ರಾಹಕನಿಂದ ಒಂದು ಘೋಷಣೆ ಬರೆಸಿಕೊಳ್ಳುತ್ತದೆ: ನೀನು ತೆರಿಗೆಗೆ ಯಾವ ದೇಶದ ನಿವಾಸಿ? ಅಲ್ಲಿ ಭಾರತ ಎಂದು ಬರೆದು ಪ್ಯಾನ್ ಕೊಟ್ಟರೆ, ಅಥವಾ ಬ್ಯಾಂಕಿನ ದಾಖಲೆಯಲ್ಲಿ ಊರಿನ ವಿಳಾಸ ಕೂತಿದ್ದರೆ, ಆ ವರ್ಷದ ಕೊನೆಯ ಬ್ಯಾಲೆನ್ಸ್, ಬಂದ ಬಡ್ಡಿ, ಷೇರಿನ ಲಾಭಾಂಶ ಎಲ್ಲವೂ ಮುಂದಿನ ವರ್ಷ ದೆಹಲಿಗೆ ಬರುತ್ತವೆ. ಖಾತೆ ಮುಚ್ಚಿದರೆ, ಮುಚ್ಚಿದ ಸುದ್ದಿಯೂ ಬರುತ್ತದೆ.

2024ರ ನವೆಂಬರಿನಲ್ಲಿ ಇಲಾಖೆ ಈ ಮಾಹಿತಿಯನ್ನು ಮುಂದಿಟ್ಟು ಮೊದಲ ಸಲ ಹೀಗೆ ಜನರನ್ನು ಎಚ್ಚರಿಸಿತು. ಆಗ 24,678 ಮಂದಿ ರಿಟರ್ನ್ ತಿದ್ದಿದರು, 29,208 ಕೋಟಿ ರೂಪಾಯಿಯ ವಿದೇಶಿ ಆಸ್ತಿ ಬೆಳಕಿಗೆ ಬಂತು. ಎರಡನೆಯ ಸುತ್ತಿನದ್ದು 2025ರ ಮೆಸೇಜ್. ಇದು ಕಾನೂನಿನ ನೋಟಿಸ್ ಅಲ್ಲ, ಅದಕ್ಕೆ ಮೊದಲಿನ ಎಚ್ಚರಿಕೆ. ನಿಜವಾದ ನೋಟಿಸಿಗೆ ಡಿಐಎನ್ ಎಂಬ ದಾಖಲೆ ಸಂಖ್ಯೆ ಇರುತ್ತದೆ, incometax.gov.in ತಾಣದಲ್ಲಿ ಅದನ್ನು ಹಾಕಿ ಅಸಲಿಯೋ ನಕಲಿಯೋ ನೋಡಬಹುದು. ಓಟಿಪಿ ಕೇಳಿದರೆ, ಲಿಂಕ್ ಒತ್ತಿ ದುಡ್ಡು ಕಟ್ಟಿ ಎಂದರೆ, ಅದು ಇಲಾಖೆಯದಲ್ಲ.

ಈಗ ಒಬ್ಬರ ಲೆಕ್ಕ ಹಾಕಿ ನೋಡೋಣ. ವಿಟ್ಲದ ಎಲೆಕ್ಟ್ರಿಶಿಯನ್ ಒಬ್ಬರು 2006ರಲ್ಲಿ ದುಬೈಗೆ ಹೋಗಿ, 2022ರ ಆಗಸ್ಟ್ 10ರಂದು ವೀಸಾ ರದ್ದು ಮಾಡಿಸಿ ಬಜಪೆಯಲ್ಲಿ ಇಳಿದರು ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿ ಬರಲಿ ಎಂದು ಅಲ್ಲಿಯ ಖಾತೆ ಮುಚ್ಚಲಿಲ್ಲ. 2024ರ ಕೊನೆಗೆ ಅದರಲ್ಲಿ 38 ಸಾವಿರ ದಿರ್ಹಮ್ ಇತ್ತು, ಕಂಪೆನಿ ಕೊಟ್ಟ ಷೇರು 30 ಸಾವಿರ ದಿರ್ಹಮಿನದು.

ಮೊದಲ ಪ್ರಶ್ನೆ ದುಡ್ಡಿನದಲ್ಲ, ದಿನಗಳದು. ಬಂದ ದಿನದಿಂದ 2023ರ ಮಾರ್ಚ್ 31ರ ತನಕ 234 ದಿನ. 182 ದಾಟಿದ್ದರಿಂದ ಆ ವರ್ಷವೇ ಅವರು ಇಲ್ಲಿಯ ನಿವಾಸಿ. ಆದರೆ ಮರಳಿದವರಿಗೆ ಕಾನೂನು ನಡುವೆ ಒಂದು ಮೆಟ್ಟಿಲು ಇಟ್ಟಿದೆ: ನಿವಾಸಿ ಹೌದು, ಸಾಮಾನ್ಯ ನಿವಾಸಿ ಅಲ್ಲ. ಸಿಎಗಳು ಆರ್‌ಎನ್‌ಓಆರ್ ಎನ್ನುವುದು ಇದನ್ನೇ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ ಏಳು ವರ್ಷಗಳಲ್ಲಿ ಊರಲ್ಲಿದ್ದದ್ದು ಒಟ್ಟು 729 ದಿನ ಮೀರದಿದ್ದರೆ, ಆ ಮೆಟ್ಟಿಲಲ್ಲೇ ಇರುತ್ತಾರೆ. ಅಲ್ಲಿರುವಷ್ಟು ಕಾಲ ಶೆಡ್ಯೂಲ್ ಎಫ್‌ಎ ತುಂಬಬೇಕಿಲ್ಲ, ದುಬೈ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆಯೂ ಇಲ್ಲ.

ಮೊದಲ ನಿಯಮದಿಂದ ಇವರಿಗೆ ಎರಡು ವರ್ಷ, 2024ರ ಮಾರ್ಚ್ ತನಕ, ರಕ್ಷಣೆ ಸಿಕ್ಕಿತು. 2024-25ಕ್ಕೆ ಎರಡನೆಯ ನಿಯಮ ನೋಡಬೇಕು. ಬಂದ ವರ್ಷದ 234 ದಿನಕ್ಕೆ 2023-24ರ 366 ಸೇರಿಸಿದರೆ 600. ಅದಕ್ಕೂ ಹಿಂದಿನ ಐದು ವರ್ಷ ರಜೆಗೆ ಬಂದು ಹೋದ ದಿನಗಳನ್ನು ಕೂಡಿಸಿ. ವರ್ಷಕ್ಕೆ 30 ದಿನ ಇದ್ದಿದ್ದರೆ ಒಟ್ಟು 750, ಅವರು ಸಾಮಾನ್ಯ ನಿವಾಸಿಯಾದರು, ಪುಟ ತುಂಬಲೇಬೇಕು. ವರ್ಷಕ್ಕೆ 25 ದಿನವೇ ಇದ್ದಿದ್ದರೆ 725, ಆ ವರ್ಷಕ್ಕೂ ತುಂಬಬೇಕಿಲ್ಲ. ರಜೆಯ ಐದೈದು ದಿನ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ. ಅದಕ್ಕೇ ಹಳೆಯ ಪಾಸ್‌ಪೋರ್ಟ್‌ಗಳನ್ನು ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು. ವಿಮಾನ ಇಳಿದ ಮುದ್ರೆಯೇ ಇಲ್ಲಿ ಸಾಕ್ಷಿ.

ನಮ್ಮ ಎಲೆಕ್ಟ್ರಿಶಿಯನ್ನರ ಲೆಕ್ಕ 750 ಎಂದೇ ಹಿಡಿಯೋಣ. ಅವರು ತುಂಬಿದ್ದು ಐಟಿಆರ್-1. ಅದರಲ್ಲಿ ವಿದೇಶಿ ಆಸ್ತಿಯ ಪುಟವೇ ಇಲ್ಲ. 2025ರ ಡಿಸೆಂಬರ್ 31ರೊಳಗೆ ಐಟಿಆರ್-2ರಲ್ಲಿ ತಿದ್ದಿದ ರಿಟರ್ನ್ ಹಾಕಬೇಕಿತ್ತು. ಖಾತೆ ಎ1 ಕೋಷ್ಟಕಕ್ಕೆ, ಷೇರು ಎ3ಕ್ಕೆ. ಬಹಳ ಜನ ತಪ್ಪುವ ಜಾಗ ಮುಂದಿನದು: ಈ ಪುಟದಲ್ಲಿ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, 2024ರ ಜನವರಿಯಿಂದ ಡಿಸೆಂಬರ್. ಆ ವರ್ಷದ ಅತಿ ಹೆಚ್ಚಿನ ಬ್ಯಾಲೆನ್ಸೂ ಕೊನೆಯ ಬ್ಯಾಲೆನ್ಸೂ ಬೇಕು. ನಡುವೆ ಖಾತೆ ಮುಚ್ಚಿದ್ದರೂ ಆ ವರ್ಷಕ್ಕೆ ಬರೆಯಬೇಕು. ಬಡ್ಡಿ, ಲಾಭಾಂಶವನ್ನು ಆದಾಯದಲ್ಲಿ ತೋರಿಸುವಾಗ ಮಾತ್ರ ಎಂದಿನ ಏಪ್ರಿಲ್-ಮಾರ್ಚ್ ಲೆಕ್ಕ.

ದಿರ್ಹಮಿಗೆ 23 ರೂಪಾಯಿ ಹಿಡಿದರೆ ಖಾತೆ 8,74,000, ಷೇರು 6,90,000, ಒಟ್ಟು 15,64,000 ರೂಪಾಯಿ. ಬರೆಯದಿದ್ದದ್ದಕ್ಕೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಉಳಿದದ್ದರ ಮೌಲ್ಯ 20 ಲಕ್ಷ ಮೀರದಿದ್ದರೆ ಆ ದಂಡವಿಲ್ಲ ಎಂಬ ವಿನಾಯಿತಿ 2024ರ ಅಕ್ಟೋಬರ್ 1ರಿಂದ ಬಂದಿದೆ. ವಿನಾಯಿತಿ ದಂಡಕ್ಕೆ ಮಾತ್ರ, ಬರೆಯುವ ಹೊಣೆಗಲ್ಲ. ಖಾತೆ ಇಟ್ಟುಕೊಂಡದ್ದು ತಪ್ಪೂ ಅಲ್ಲ: ಹೊರದೇಶದಲ್ಲಿದ್ದಾಗ ಗಳಿಸಿದ್ದನ್ನು ಮರಳಿದ ಮೇಲೂ ಅಲ್ಲೇ ಇಡಲು ಫೆಮಾ ಕಾಯ್ದೆಯ ಒಪ್ಪಿಗೆ ಇದೆ.

ಆ ಡಿಸೆಂಬರ್ 31 ತಪ್ಪಿದವರಿಗೆ ಅಪ್‌ಡೇಟೆಡ್ ರಿಟರ್ನ್ ಇದೆ, ಆದರೆ ಹೆಚ್ಚುವರಿ ತೆರಿಗೆ ಕಟ್ಟಲಿಕ್ಕಿದ್ದರೆ ಮಾತ್ರ ಅದನ್ನು ಹಾಕಬಹುದು. ಇನ್ನು ಮೆಸೇಜ್ ಬಂದವರೆಲ್ಲ ಮರಳಿದವರೇ ಆಗಬೇಕಿಲ್ಲ. ಈಗಲೂ ಶಾರ್ಜಾದಲ್ಲಿ ದುಡಿಯುತ್ತಿದ್ದು, ಬ್ಯಾಂಕಿನ ಫಾರಮ್ಮಿನಲ್ಲಿ ವಿಟ್ಲದ ವಿಳಾಸ ಬರೆದವರ ಹೆಸರೂ ಪಟ್ಟಿಯಲ್ಲಿ ಸೇರಬಹುದು. ಅವರು ಕೊಡಬೇಕಾದ ಉತ್ತರ ಅನಿವಾಸಿ ಎಂಬುದಷ್ಟೆ, ಜೊತೆಗೆ ಬ್ಯಾಂಕಿನ ಆ ಘೋಷಣೆಯನ್ನು ತಿದ್ದಿಸಬೇಕು.

ಊರಿಗೆ ಮರಳುವ ವಿಮಾನ ಹತ್ತುವ ಮೊದಲು ಖಾತೆ ತೆರೆದ ದಿನದಿಂದಿನ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಗ್ರಾಚ್ಯುಟಿಯ ಲೆಕ್ಕಪತ್ರ, ವೀಸಾ ರದ್ದಾದ ಕಾಗದ, ಷೇರು ಸಿಕ್ಕ ದಿನದ ಬೆಲೆಯ ದಾಖಲೆ ಕೈಯಲ್ಲಿರಲಿ. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸುವುದು ಇವನ್ನೇ. ಆಮೇಲೆ ತರಿಸಿಕೊಳ್ಳುವುದು ಕಷ್ಟ: ಊರಿಗೆ ಬಂದ ಕೆಲವು ತಿಂಗಳಿಗೆ ಅಲ್ಲಿಯ ಸಿಮ್ ಸತ್ತಿರುತ್ತದೆ, ಬ್ಯಾಂಕಿನ ಓಟಿಪಿ ಆ ನಂಬರಿಗೇ ಹೋಗುತ್ತದೆ.