ನಡುರಾತ್ರಿ ಎದೆ ಹೊಡೆದುಕೊಂಡಾಗ

ಹನ್ನೊಂದು ಗಂಟೆಗೆ ಮಲಗಿದ ಗೃಹಿಣಿಯೊಬ್ಬರು ಒಂದು ಗಂಟೆಯ ಹೊತ್ತಿಗೆ ದಡಬಡಿಸಿ ಎದ್ದು ಕೂರುತ್ತಾರೆ. ಎದೆ ಢವಢವ, ಮೈಯೆಲ್ಲ ಬೆವರು, ಬೆರಳ ತುದಿಯಲ್ಲಿ ಜುಮುಜುಮು. ಕೆಟ್ಟ ಕನಸೇನೂ ಬಿದ್ದಿಲ್ಲ, ಆದರೂ ಸತ್ತೇ ಹೋಗುತ್ತೇನೆಂಬ ಭಯ. ಆಸ್ಪತ್ರೆಗೆ ಓಡಿದರೆ ಇಸಿಜಿ ಸರಿಯಾಗಿದೆ. ‘ಏನೂ ಇಲ್ಲ, ಬರೀ ಟೆನ್ಷನ್’ ಎಂದು ಕಳಿಸಿಬಿಡುತ್ತಾರೆ.

ಏನೂ ಇಲ್ಲ ಎನ್ನುವುದು ಅನ್ಯಾಯದ ಮಾತು. ನಿದ್ದೆಯಲ್ಲೂ ಪ್ಯಾನಿಕ್ ಅಟ್ಯಾಕ್ ಆಗುತ್ತದೆ. ಸಾಮಾನ್ಯವಾಗಿ ಮಲಗಿದ ಮೊದಲ ಮೂರು ಗಂಟೆಗಳೊಳಗೆ, ಹಗುರ ನಿದ್ದೆ ಗಾಢವಾಗುವ ಹಂತದಲ್ಲಿ ಬರುತ್ತದೆ. ಕನಸು ದಟ್ಟವಾಗಿ ಬೀಳುವ ಹಂತ ಅದಲ್ಲ. ಮೈ ತಪ್ಪಾಗಿ ಅಪಾಯದ ಗಂಟೆ ಬಾರಿಸಿ ಅಡ್ರಿನಲಿನ್ ಸುರಿಸುತ್ತದೆ, ಗುಂಡಿಗೆ ಓಡತೊಡಗುತ್ತದೆ.

ಮುಂದಿನ ಎಡವಟ್ಟು ಉಸಿರಿನದು. ಗಾಳಿ ಸಾಲುತ್ತಿಲ್ಲವೆನಿಸಿ ಆಕೆ ಬಾಯಿ ತೆರೆದು ಜೋರಾಗಿ ಎಳೆದುಕೊಳ್ಳುತ್ತಾರೆ. ಆಮ್ಲಜನಕಕ್ಕೇನೂ ಕೊರತೆಯಿರುವುದಿಲ್ಲ, ಅತಿಯಾಗಿ ಉಸಿರಾಡಿದ್ದರಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಜುಮುಜುಮು, ತಲೆಸುತ್ತು, ಎದೆ ಬಿಗಿತ ಹೆಚ್ಚುವುದು ಅದರಿಂದಲೇ. ಅವು ಹೆಚ್ಚಿದಷ್ಟೂ ಹೆದರಿಕೆ, ಹೆದರಿದಷ್ಟೂ ಉಸಿರಾಟ.

ಹಾಗಾಗಿ ‘ಜೋರಾಗಿ ಉಸಿರೆಳೆದುಕೋ’ ಎಂದು ಮನೆಯವರು ಹೇಳುವುದು ತಿರುಗುಬಾಣ. ಎದ್ದು ಕೂತು, ಕಾಲು ನೆಲಕ್ಕೂರಿ, ಹೊಟ್ಟೆಯ ಮೇಲೆ ಕೈಯಿಟ್ಟು ಮೂಗಿನಿಂದ ಮೆಲ್ಲಗೆ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ ಬಿಡಬೇಕು. ಪಕ್ಕದಲ್ಲಿರುವವರು ಮೆತ್ತಗಿನ ದನಿಯಲ್ಲಿ ಎಣಿಸಿದರೆ ಇನ್ನೂ ಒಳ್ಳೆಯದು. ಕಾಗದದ ಚೀಲದೊಳಗೆ ಉಸಿರಾಡುವ ಹಳೇ ಉಪಾಯ ಬೇಡ. ನಿಜಕ್ಕೂ ಅಸ್ತಮಾ, ಹೃದಯದ ತೊಂದರೆ ಇದ್ದರೆ ಅದು ಅಪಾಯ. ನಾಡಿ ಹಿಡಿದು ನೋಡುತ್ತಿರುವುದೂ, ಮೊಬೈಲಿನಲ್ಲಿ ಲಕ್ಷಣ ಹುಡುಕುವುದೂ ಭಯಕ್ಕೆ ಮೇವು. ತಡೆಯಲು ಹೆಣಗದೆ, ‘ಇದು ಏರಿ ಇಳಿಯುವಂಥದ್ದು’ ಎಂದುಕೊಂಡರೆ ಸಾಕು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ.

ಆದರೆ ಮೊದಲ ಸಲವೇ ಆಗಿದ್ದರೆ ಮನೆಯಲ್ಲೇ ತೀರ್ಮಾನಿಸಬಾರದು. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಎಚ್ಚರ ತಪ್ಪಿದರೆ ತಕ್ಷಣ 108ಕ್ಕೆ ಕರೆಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದರೂ ಹೀಗೇ ಬೆವರು, ನಡುಕ. ಕೂಡಲೇ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಬೇಕು. ಜೋರು ಗೊರಕೆಯವರು ಉಸಿರುಕಟ್ಟಿ ಏಳುತ್ತಿದ್ದರೆ ನಿದ್ದೆಯ ಪರೀಕ್ಷೆ ಬೇಕು. ಸ್ವಿಚ್ ಒತ್ತಿದಂತೆ ಶುರುವಾಗಿ ಹಾಗೇ ನಿಲ್ಲುವ ಬಡಿತ ಹೃದಯದ ಲಯದ ದೋಷವಿರಬಹುದು. ಅದು ಬಡಿತ ನಡೆದಿರುವಾಗ ತೆಗೆದ ಇಸಿಜಿಯಲ್ಲೇ ಸಿಗುತ್ತದೆ.

ಇವೆಲ್ಲ ಅಲ್ಲವೆಂದಾದ ಮೇಲೂ ಮರುಕಳಿಸುತ್ತಿದ್ದರೆ, ಹಾಸಿಗೆ ಕಂಡರೇ ಭಯವಾಗುವ ಮುನ್ನ ಮನೋವೈದ್ಯರನ್ನು ಕಾಣಬೇಕು. ಮಾತ್ರೆಗಳಿವೆ, ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಇದೆ. ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಸಿಬಿಟಿಯಲ್ಲಿ ಹಗಲು ಹೊತ್ತಿನಲ್ಲೇ ಒಂದು ನಿಮಿಷ ನಿಂತಲ್ಲೇ ಓಡಿಸಿ ಎದೆಬಡಿತ ಏರಿಸುತ್ತಾರೆ. ಬೇಕೆಂದೇ ಏರಿಸಿದ ಬಡಿತ ತಾನಾಗಿ ಇಳಿಯುವುದನ್ನು ರೋಗಿ ಮತ್ತೆ ಮತ್ತೆ ಕಾಣುತ್ತಾರೆ.