ನಲವತ್ತೈದು ದಿನ ಎಂದರೆ ಯಾವತ್ತಿನಿಂದ?

"ಸರಕು ಸ್ವೀಕರಿಸಿ ಬಿಲ್ ಸಲ್ಲಿಕೆಯಾದ 45 ದಿನಗಳೊಳಗೆ ಹಣ ಪಾವತಿಸಲಾಗುವುದು. ವಿಳಂಬವಾದಲ್ಲಿ ತಿಂಗಳಿಗೆ ಶೇ. 2ರಂತೆ ಬಡ್ಡಿ ಅನ್ವಯಿಸುವುದು. ಸರಕು ತೃಪ್ತಿಕರವಾಗಿಲ್ಲದಿದ್ದಲ್ಲಿ ಹಣ ತಡೆಹಿಡಿಯುವ ಹಕ್ಕು ಖರೀದಿದಾರರಿಗೆ ಇರುತ್ತದೆ."

ಬೆಂಗಳೂರಿನ ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಸಣ್ಣ ಕಾರ್ಖಾನೆಗಳಿಗೆ ಬರುವ ಪರ್ಚೇಸ್ ಆರ್ಡರ್‌ಗಳ ಹಿಂಬದಿಯಲ್ಲಿ ಇಂಥ ಮೂರು ವಾಕ್ಯಗಳು ಸಾಮಾನ್ಯ. ಓದುವಾಗ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಹಣ ಬರಬೇಕಾದ ದಿನ ಹತ್ತಿರವಾದಾಗ ಮಾತ್ರ ಒಂದೊಂದು ವಾಕ್ಯಕ್ಕೂ ಎರಡು ಮೂರು ಅರ್ಥ ಹುಟ್ಟಿಕೊಳ್ಳುತ್ತವೆ. ಇವನ್ನೇ ಎದುರಿಗಿಟ್ಟುಕೊಂಡು ಹೇಗೆ ತಿದ್ದಿ ಬರೆಯಬಹುದು ಎಂದು ನೋಡೋಣ.

ಉದಾಹರಣೆಗೆ ಒಂದು ವ್ಯವಹಾರ. ಉದ್ಯಮ್ ನೋಂದಣಿ ಇರುವ ಸಣ್ಣ ವರ್ಕ್‌ಶಾಪೊಂದು ಪಂಪ್ ತಯಾರಿಸುವ ಕಂಪನಿಗೆ 500 ಕಂಚಿನ ಬುಶ್‌ಗಳನ್ನು ಮಾಡಿಕೊಟ್ಟಿದೆ ಎಂದುಕೊಳ್ಳಿ. ಒಂದಕ್ಕೆ 800 ರೂಪಾಯಿಯಂತೆ 4 ಲಕ್ಷ, ಶೇ. 18ರ ಜಿಎಸ್‌ಟಿ 72 ಸಾವಿರ, ಒಟ್ಟು 4,72,000 ರೂಪಾಯಿ. ಬಿಲ್ ಬರೆದದ್ದು 2025ರ ಮಾರ್ಚ್ 3ರಂದು. ಟೆಂಪೊ ಕಂಪನಿಯ ಗೇಟ್ ಮುಟ್ಟಿದ್ದು 5ರಂದು. ಸೆಕ್ಯುರಿಟಿಯವರು ಡೆಲಿವರಿ ಚಲನ್ ಮೇಲೆ ಸೀಲ್ ಒತ್ತಿ ಕಳಿಸಿದರು. ಸ್ಟೋರ್ಸ್‌ನವರು ಎಣಿಸಿ, ತಪಾಸಣೆ ಮುಗಿಸಿ ಜಿಆರ್‌ಎನ್, ಅಂದರೆ ಸರಕು ಸ್ವೀಕೃತಿ ಚೀಟಿ, ಹಾಕಿದ್ದು 14ರಂದು. ಅಕೌಂಟ್ಸ್ ವಿಭಾಗ ಬಿಲ್ ಅನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದು 24ರಂದು.

ಈಗ 45 ದಿನ ಎಣಿಸಿ. ಬಿಲ್ ತಾರೀಖಿನಿಂದ ಲೆಕ್ಕ ಹಾಕಿದರೆ ಗಡುವು ಏಪ್ರಿಲ್ 17, ಗೇಟ್ ಸೀಲಿನಿಂದಾದರೆ 19, ಜಿಆರ್‌ಎನ್‌ನಿಂದಾದರೆ 28, ಅಕೌಂಟ್ಸ್‌ನವರ ದಿನದಿಂದಾದರೆ ಮೇ 8. ಒಂದೇ ವಾಕ್ಯಕ್ಕೆ ನಾಲ್ಕು ಗಡುವು, ನಡುವೆ ಮೂರು ವಾರದ ಅಂತರ. "ಸ್ವೀಕರಿಸಿ" ಎಂಬುದಕ್ಕೆ ಗೇಟ್ ಎಂದು ಮಾರುವವರು ಹೇಳುತ್ತಾರೆ, ಜಿಆರ್‌ಎನ್ ಎಂದು ಕೊಳ್ಳುವವರು ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಇದರ ಮೇಲೆ, ತಿಂಗಳಿಗೆ ಎರಡೇ ಸಲ ಹಣ ಬಿಡುಗಡೆ ಮಾಡುವ ರೂಢಿ ಕಂಪನಿಯಲ್ಲಿದ್ದರೆ, ಮೇ 8ರ ಗಡುವು ಸದ್ದಿಲ್ಲದೆ ಮೇ 15 ಆಗುತ್ತದೆ.

ನಾಲ್ಕು ತಾರೀಖುಗಳಲ್ಲಿ ಯಾವುದನ್ನು ಹಿಡಿಯಬೇಕು? ಬಿಲ್ ತಾರೀಖು ಮಾರುವವರೊಬ್ಬರ ಕೈಯಲ್ಲಿದೆ. ಜಿಆರ್‌ಎನ್ ಮತ್ತು ಅಕೌಂಟ್ಸ್ ತಾರೀಖುಗಳು ಕೊಳ್ಳುವವರ ಕೈಯಲ್ಲಿ. ಗೇಟ್ ಸೀಲ್ ಒಂದೇ ಇಬ್ಬರ ಎದುರಿಗೂ ನಡೆಯುವುದು, ಅದರ ಪ್ರತಿ ಇಬ್ಬರ ಬಳಿಯೂ ಉಳಿಯುವುದು. ಕಾನೂನೂ ಈ ದಿನದ ಕಡೆಗೇ ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸರಕು ನಿಜವಾಗಿ ತಲುಪಿದ ದಿನವೇ ಸ್ವೀಕಾರದ ದಿನ. 15 ದಿನಗಳೊಳಗೆ ಕೊಳ್ಳುವವರು ಲಿಖಿತ ಆಕ್ಷೇಪಣೆ ಎತ್ತಿದರೆ ಮಾತ್ರ, ಅದು ಬಗೆಹರಿದ ದಿನ. ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಹಣ ಕೊಡಲು ಈ ದಿನದಿಂದ 45 ದಿನಕ್ಕಿಂತ ಹೆಚ್ಚು ಅವಧಿಯನ್ನು ಒಪ್ಪಂದದಲ್ಲಿ ಬರೆದುಕೊಂಡರೂ ನಡೆಯುವುದಿಲ್ಲ. 90 ದಿನದ ಷರತ್ತಿಗೆ ಸಹಿ ಹಾಕಿದ್ದೇನಲ್ಲ ಎಂದು ಕೈಚೆಲ್ಲಿ ಕೂರುವ ಕಾರ್ಖಾನೆ ಮಾಲೀಕರು ಇದನ್ನು ತಿಳಿದಿರಬೇಕು.

ಹಾಗಾಗಿ ಮೊದಲ ವಾಕ್ಯ ಹೀಗಾಗಲಿ:

"ಡೆಲಿವರಿ ಚಲನ್ ಮೇಲೆ ಖರೀದಿದಾರರ ಗೇಟ್ ಸೀಲ್ ಬಿದ್ದ ದಿನವೇ ಸರಕು ತಲುಪಿದ ದಿನ. ಆ ದಿನವನ್ನು ಬಿಟ್ಟು ಎಣಿಸಿದಾಗ ಬರುವ 45ನೇ ದಿನವು ಪಾವತಿಯ ಗಡುವು. ಅಂದು ಬ್ಯಾಂಕ್ ರಜೆಯಿದ್ದರೆ ಹಿಂದಿನ ಕೆಲಸದ ದಿನವೇ ಗಡುವು. ಮಾರಾಟಗಾರರ ಬ್ಯಾಂಕ್ ಖಾತೆಗೆ ಹಣ ಜಮಾ ಆದಾಗ ಮಾತ್ರ ಪಾವತಿಯಾದಂತೆ. ಉದಾಹರಣೆ: 2025ರ ಮಾರ್ಚ್ 5ರಂದು ಗೇಟ್ ಸೀಲ್ ಬಿದ್ದ ಸರಕಿನ ಹಣ ಏಪ್ರಿಲ್ 19ರೊಳಗೆ ಜಮಾ ಆಗಬೇಕು."

ರಜೆ ಬಂದರೆ ಮುಂದಿನ ದಿನ ಎನ್ನದೆ ಹಿಂದಿನ ದಿನ ಎಂದದ್ದಕ್ಕೆ ಕಾರಣವಿದೆ. ಮುಂದಕ್ಕೆ ಸರಿದರೆ ಕಾಯ್ದೆಯ 45 ದಿನ ದಾಟಿಹೋಗುತ್ತದೆ. "ಜಮಾ ಆದಾಗ" ಎಂಬ ಮಾತು "ನಾವು ಶುಕ್ರವಾರವೇ ಕಳಿಸಿದ್ದೆವು, ನಿಮ್ಮ ಬ್ಯಾಂಕ್ ತಡಮಾಡಿತು" ಎಂಬ ವಾದಕ್ಕೆ ಎಡೆಗೊಡುವುದಿಲ್ಲ. ಒಪ್ಪಂದದೊಳಗೆ ಉದಾಹರಣೆ ಬರೆಯುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. 1872ರ ಭಾರತೀಯ ಕರಾರು ಕಾಯ್ದೆಯೇ ಸೆಕ್ಷನ್‌ಗಳ ಕೆಳಗೆ ಉದಾಹರಣೆಗಳನ್ನು ಕೊಟ್ಟು ಅರ್ಥ ಬಿಡಿಸುತ್ತದೆ. ಕಾನೂನಿಗೆ ಬೇಕಾದದ್ದು ವರ್ಕ್‌ಶಾಪಿಗೆ ಬೇಡವೆ?

ಈಗ ಬಡ್ಡಿ. ಯಾವ ತಕರಾರೂ ಇಲ್ಲದೆ, ಪೂರ್ತಿ 4,72,000 ರೂಪಾಯಿ ಮೇ 15ರಂದು ಜಮಾ ಆಯಿತು ಎಂದುಕೊಳ್ಳಿ. ಏಪ್ರಿಲ್ 20ರಿಂದ ಮೇ 15ರವರೆಗೆ, ಎರಡೂ ದಿನ ಸೇರಿ, 26 ದಿನ ತಡ. "ತಿಂಗಳಿಗೆ ಶೇ. 2" ಎಂದಷ್ಟೇ ಬರೆದಿದ್ದರೆ ಎಷ್ಟು ಬಡ್ಡಿ? ಪೂರ್ಣ ತಿಂಗಳಾಗದೆ ಬಡ್ಡಿಯಿಲ್ಲ ಎಂದು ಕೊಳ್ಳುವವರು ಸೊನ್ನೆ ತೋರಿಸಬಹುದು. ತಿಂಗಳು ಶುರುವಾದರೆ ಇಡೀ ತಿಂಗಳ ಬಡ್ಡಿ ಎಂದು ಮಾರುವವರು 9,440 ರೂಪಾಯಿ ಕೇಳಬಹುದು. ವರ್ಷಕ್ಕೆ ಶೇ. 24 ಎಂದು ಹಿಡಿದು ದಿನದ ಲೆಕ್ಕ ಹಾಕಿದರೆ 8,069. ಬಡ್ಡಿ ಮೂಲ ಬೆಲೆಗೆ ಮಾತ್ರವೋ, ಜಿಎಸ್‌ಟಿ ಸೇರಿದ ಮೊತ್ತಕ್ಕೋ ಎಂಬ ಪ್ರಶ್ನೆ ಬೇರೆ.

ದರ ಎಷ್ಟಿರಬೇಕೆಂಬುದಕ್ಕೆ ನೋಂದಾಯಿತ ಸಣ್ಣ ಉದ್ಯಮಗಳ ಮಟ್ಟಿಗೆ ಚೌಕಾಶಿಯೇ ಬೇಕಿಲ್ಲ. ಅದೇ ಕಾಯ್ದೆಯ 16ನೇ ಸೆಕ್ಷನ್ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟನ್ನು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯಾಗಿ ವಿಧಿಸುತ್ತದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಅದೇ ಅನ್ವಯ. ನಮ್ಮ ಉದಾಹರಣೆಯ ದಿನಗಳಲ್ಲಿ ಬ್ಯಾಂಕ್ ದರ ಶೇ. 6.25 ಇತ್ತು. ಮೂರು ಪಟ್ಟು ಎಂದರೆ ಶೇ. 18.75. ಇಪ್ಪತ್ತಾರು ದಿನಕ್ಕೆ ಚಕ್ರಬಡ್ಡಿ ಇನ್ನೂ ಶುರುವಾಗಿಲ್ಲ, ಆದ್ದರಿಂದ ಬಡ್ಡಿ 6,304 ರೂಪಾಯಿ. ಎರಡನೇ ವಾಕ್ಯವನ್ನು ಹೀಗೆ ಬರೆಯಬಹುದು:

"ಗಡುವಿನ ಮರುದಿನದಿಂದ ಹಣ ಜಮಾ ಆಗುವ ದಿನದವರೆಗೆ, ಆ ಎರಡೂ ದಿನ ಸೇರಿಸಿ, ಜಿಎಸ್‌ಟಿ ಸೇರಿದ ಬಾಕಿ ಮೊತ್ತದ ಮೇಲೆ 2006ರ ಕಾಯ್ದೆಯ 16ನೇ ಸೆಕ್ಷನ್ ದರದಲ್ಲಿ ಬಡ್ಡಿ ಸಲ್ಲುತ್ತದೆ. ವರ್ಷಕ್ಕೆ 365 ದಿನವೆಂದು ಲೆಕ್ಕ. ಬಡ್ಡಿಯ ಮೇಲಿನ ಜಿಎಸ್‌ಟಿ ಪ್ರತ್ಯೇಕ."

ಕೊನೆಯ ತುಣುಕನ್ನು ಬಹಳ ಮಂದಿ ಮರೆಯುತ್ತಾರೆ. ತಡಪಾವತಿಗೆಂದು ಪಡೆದ ಬಡ್ಡಿಯೂ ಜಿಎಸ್‌ಟಿ ಕಾನೂನಿನಲ್ಲಿ ಸರಕಿನ ಮೌಲ್ಯದ ಭಾಗವೇ. ಪ್ರತ್ಯೇಕ ಎಂದು ಹೇಳದಿದ್ದರೆ ಆ ತೆರಿಗೆ ಯಾರ ಕೈಯಿಂದ ಎಂದು ಮತ್ತೆ ಜಗಳ.

ಕೊಂಡು ಮಾರುವ ವ್ಯಾಪಾರಿಗಳಿಗೆ, ಮಧ್ಯಮ ಉದ್ಯಮಗಳಿಗೆ ಈ ತಡಪಾವತಿ ರಕ್ಷಣೆ ಸಿಗುವುದಿಲ್ಲ. ಅವರು "ವರ್ಷಕ್ಕೆ ಶೇ. 18, ಸರಳ ಬಡ್ಡಿ" ಎಂಬಂತೆ ತಮ್ಮ ದರವನ್ನು ತಾವೇ ಬರೆದುಕೊಳ್ಳಬೇಕು. ಹೆದರಿಸಲೆಂದು ಶೇ. 48, 60 ಎಂದು ಬರೆಯುವುದರಿಂದ ಲಾಭವಿಲ್ಲ. ತಪ್ಪಿದ ದಿನದಿಂದ ಏರಿಸಿದ ಬಡ್ಡಿಯನ್ನು ದಂಡವೆಂದು ಪರಿಗಣಿಸಲು ಕರಾರು ಕಾಯ್ದೆಯ 74ನೇ ಸೆಕ್ಷನ್ ಅವಕಾಶ ಕೊಡುತ್ತದೆ; ಆಗ ನ್ಯಾಯಾಲಯ ತನಗೆ ಸಮಂಜಸವೆನಿಸಿದಷ್ಟನ್ನೇ ಕೊಡಿಸುತ್ತದೆ. ಹಾಗೆಯೇ, ಬಿಲ್ಲಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದ ಬಡ್ಡಿ ದರವನ್ನು ನೆಚ್ಚಬೇಡಿ. ಕೊಳ್ಳುವವರು ಅದನ್ನು ಒಪ್ಪಿದ್ದರೇ ಎಂಬ ವಾದ ಏಳುತ್ತದೆ. ದರ ಇರಬೇಕಾದದ್ದು ಇಬ್ಬರೂ ಸಹಿ ಮಾಡಿದ ಕಾಗದದಲ್ಲಿ.

ಆದರೆ ಹಣ ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಮೂರನೇ ವಾಕ್ಯದಲ್ಲಿ. "ತೃಪ್ತಿಕರವಾಗಿಲ್ಲದಿದ್ದಲ್ಲಿ" ಎಂದರೆ ಯಾರ ತೃಪ್ತಿ? ಯಾವತ್ತಿನವರೆಗೆ? ನಲವತ್ತು ಬುಶ್ ಸರಿಯಿಲ್ಲವೆಂದು ಐನೂರರ ಹಣವನ್ನೂ ನಿಲ್ಲಿಸಬಹುದೆ? ಹಳೆಯ ವಾಕ್ಯ ಬೇಡವೆನ್ನುವುದಿಲ್ಲ. ಗಡುವಿನ ಹಿಂದಿನ ದಿನ ಫೋನ್ ಮಾಡಿ "ನಿಮ್ಮ ಮಾಲಲ್ಲಿ ಸ್ವಲ್ಪ ಪ್ರಾಬ್ಲಂ ಇದೆ" ಎಂದರೂ ಸಾಕು, ಇಡೀ ಬಿಲ್ ನಿಂತುಹೋಗುತ್ತದೆ. ಕೊಳ್ಳುವವರಿಗೆ ಕೆಟ್ಟ ಮಾಲನ್ನು ತಿರಸ್ಕರಿಸುವ ಹಕ್ಕು ಇರಲೇಬೇಕು. ಆ ಹಕ್ಕಿಗೆ ದಿನ, ರೂಪ, ಮಿತಿ ಮೂರೂ ಬೇಕು.

"ಆಕ್ಷೇಪಣೆಯಿದ್ದರೆ ಗೇಟ್ ಸೀಲ್ ದಿನದಿಂದ 15 ದಿನಗಳೊಳಗೆ ಒಪ್ಪಂದದಲ್ಲಿ ನಮೂದಿಸಿದ ಇ-ಮೇಲ್ ವಿಳಾಸಕ್ಕೆ ಬರೆಯಬೇಕು. ಚಲನ್ ಸಂಖ್ಯೆ, ದೋಷವಿರುವ ನಗಗಳ ಸಂಖ್ಯೆ, ಡ್ರಾಯಿಂಗ್‌ನ ಯಾವ ಅಳತೆ ತಪ್ಪಿದೆ, ಯಾವ ಉಪಕರಣದಲ್ಲಿ ಎಷ್ಟು ಅಳತೆ ಬಂತು ಎಂಬುದನ್ನು ತಿಳಿಸಬೇಕು. ಆ ನಗಗಳ ಬೆಲೆಯನ್ನು ಮಾತ್ರ ತಡೆಹಿಡಿಯಬಹುದು. ಉಳಿದದ್ದನ್ನು ಗಡುವಿನೊಳಗೇ ಕೊಡಬೇಕು. ಬೇರೆ ಬಿಲ್ಲುಗಳಿಂದ ಮುರಿದುಕೊಳ್ಳುವಂತಿಲ್ಲ. 7 ದಿನಗಳೊಳಗೆ ಇಬ್ಬರೂ ಸೇರಿ ಅಳೆಯಬೇಕು. ಒಮ್ಮತವಾಗದಿದ್ದರೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ಅಳತೆಯೇ ಅಂತಿಮ. ಖರ್ಚು ಯಾರ ಮಾತು ತಪ್ಪಾಯಿತೋ ಅವರದು. ಸರಿಯಿದ್ದ ನಗಗಳಿಗೆ ಮೊದಲಿನ ಗಡುವೇ ಅನ್ವಯ. ಬದಲಿಸಿ ಕೊಟ್ಟ ನಗಗಳಿಗೆ ಅವುಗಳ ಗೇಟ್ ಸೀಲ್ ದಿನದಿಂದ 45 ದಿನ."

ಇದನ್ನು ನಮ್ಮ ಬುಶ್‌ಗಳಿಗೆ ಹಚ್ಚಿ ನೋಡಿ. ಡ್ರಾಯಿಂಗ್ ಪ್ರಕಾರ ಒಳವ್ಯಾಸ 25.000ರಿಂದ 25.021 ಮಿ.ಮೀ. ಒಳಗಿರಬೇಕು. ಮಾರ್ಚ್ 12ರಂದು ಕಂಪನಿಯ ಇ-ಮೇಲ್ ಬರುತ್ತದೆ: 40 ಬುಶ್‌ಗಳ ತೂತು ದೊಡ್ಡದಾಗಿದೆ, ಬೋರ್ ಗೇಜ್‌ನಲ್ಲಿ 25.034ರವರೆಗೂ ತೋರಿಸಿದೆ. ತಡೆಹಿಡಿಯಬಹುದಾದ ಹಣ, ಜಿಎಸ್‌ಟಿ ಸೇರಿ, 37,760 ರೂಪಾಯಿ. ಉಳಿದ 4,34,240ಕ್ಕೆ ಏಪ್ರಿಲ್ 19ರ ಗಡುವು ಅಲುಗುವುದಿಲ್ಲ. ಇಬ್ಬರೂ ಕೂತು ಅಳೆದಾಗ 22 ನಿಜಕ್ಕೂ ಕೆಟ್ಟಿವೆ, 18 ಸರಿಯಾಗಿವೆ ಎಂದು ಗೊತ್ತಾಗುತ್ತದೆ. ಈ ಬಗೆಯ ವ್ಯತ್ಯಾಸ ಹೆಚ್ಚಾಗಿ ಹುಟ್ಟುವುದು ಗೇಜ್‌ನಿಂದಲೇ. ಅದಕ್ಕೇ ಉಪಕರಣದ ಹೆಸರು ಬರೆಯಲು ಹೇಳಿದ್ದು. ಹದಿನೆಂಟರ 16,992 ರೂಪಾಯಿ ಹಿಂದಿನ ಗಡುವಿಗೇ ಮರಳಿ, ಏಪ್ರಿಲ್ 19ಕ್ಕೆ ಸಲ್ಲಬೇಕಾದ ಮೊತ್ತ 4,51,232 ಆಗುತ್ತದೆ. ಹೊಸ 22 ಬುಶ್ ಏಪ್ರಿಲ್ 2ರಂದು ಗೇಟ್ ದಾಟಿದರೆ ಅವುಗಳ 20,768 ರೂಪಾಯಿಗೆ ಗಡುವು ಮೇ 17. ಎರಡೂ ಕಡೆಯ ಅಕೌಂಟೆಂಟ್‌ಗಳು ಬೇರೆ ಬೇರೆ ಕೂತು ಲೆಕ್ಕ ಹಾಕಿದರೂ ಇದೇ ಸಂಖ್ಯೆಗಳು ಬರಬೇಕು. ಬರಲಿಲ್ಲವೆಂದರೆ ಷರತ್ತಿನಲ್ಲಿ ಇನ್ನೂ ಎಲ್ಲೋ ಸಡಿಲವಿದೆ. ಸಹಿ ಹಾಕುವ ಮೊದಲೇ ಹಳೆಯ ಬಿಲ್ ಒಂದನ್ನಿಟ್ಟುಕೊಂಡು ಹೀಗೆ ಪರೀಕ್ಷಿಸಿ ನೋಡಬಹುದು.

ಇಷ್ಟಾದರೂ ಹಣ ಬರದಿದ್ದರೆ ಎಲ್ಲಿಗೆ ಹೋಗಬೇಕೆಂದೂ ಬರೆದಿರಲಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳು 18ನೇ ಸೆಕ್ಷನ್ ಅಡಿಯಲ್ಲಿ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಒಪ್ಪಂದದಲ್ಲಿ ಬೇರೆ ಮಧ್ಯಸ್ಥಿಕೆಯ ಷರತ್ತು ಇದ್ದರೂ ಈ ದಾರಿ ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಉದ್ಯಮ್ ನೋಂದಣಿಯನ್ನು ಮಾತ್ರ ಆರ್ಡರ್ ಹಿಡಿಯುವ ಮೊದಲೇ ಮಾಡಿಸಿ, ಅದರ ಸಂಖ್ಯೆಯನ್ನು ಒಪ್ಪಂದದಲ್ಲೂ ಬಿಲ್ಲಿನಲ್ಲೂ ನಮೂದಿಸಬೇಕು. ಇನ್ನೊಂದು ಎಣಿಕೆಯೂ ನೆನಪಿರಲಿ: ಬಾಕಿಗಾಗಿ ದಾವೆ ಹೂಡಲು 3 ವರ್ಷದ ಅವಧಿಯಿದೆ; ನಿಗದಿತ ಸಾಲದ ಅವಧಿಗೆ ಕೊಟ್ಟ ಸರಕಿಗೆ ಅದು ಗಡುವು ಮುಗಿದ ದಿನದಿಂದ ಓಡತೊಡಗುತ್ತದೆ. ಗಡುವು ಯಾವುದೆಂದೇ ಸ್ಪಷ್ಟವಿಲ್ಲದಿದ್ದರೆ ಈ ಎಣಿಕೆಯೂ ವಿವಾದಕ್ಕೆ ಸಿಕ್ಕುತ್ತದೆ.

ದೊಡ್ಡ ಕಂಪನಿ ಸಣ್ಣ ವರ್ಕ್‌ಶಾಪಿನ ತಿದ್ದುಪಡಿಯನ್ನು ಒಪ್ಪುತ್ತದೆಯೆ ಎಂದು ಕೇಳಬಹುದು. ಕಂಪನಿಗೂ ಇದರಲ್ಲಿ ಸ್ವಂತ ಲಾಭವಿದೆ. ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಗೆ ಕಾಯ್ದೆಯ ಅವಧಿ ಮೀರಿ ಬಾಕಿ ಉಳಿಸಿಕೊಂಡರೆ, ಹಣ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯಬಹುದು ಎಂಬ ನಿಯಮ 2023ರ ಹಣಕಾಸು ಕಾಯ್ದೆಯಿಂದ ಬಂದಿದೆ. ಮಾರ್ಚ್ ಕೊನೆಗೆ ಯಾವ ಬಿಲ್ಲಿನ ಗಡುವು ದಾಟಿದೆ ಎಂದು ಅವರ ಅಕೌಂಟ್ಸ್ ವಿಭಾಗವೂ ಹುಡುಕುತ್ತಿರುತ್ತದೆ. ಅದರ ಮುಖ್ಯಸ್ಥರ ಜೊತೆ ಮಾತು ಶುರು ಮಾಡಿದರೆ ಕೆಲಸ ಸುಲಭ. ಎಲ್ಲವನ್ನೂ ಒಪ್ಪದಿದ್ದರೆ ಲ್ಯಾಬ್ ಖರ್ಚಿನ ವಿಷಯದಲ್ಲಿ, ಜಂಟಿ ಅಳತೆಯ ದಿನಗಳ ವಿಷಯದಲ್ಲಿ ಬಗ್ಗಬಹುದು. ಗೇಟ್ ಸೀಲಿನಿಂದ ಎಣಿಕೆ, 15 ದಿನದೊಳಗೆ ಲಿಖಿತ ಆಕ್ಷೇಪಣೆ, ದೋಷವಿದ್ದಷ್ಟಕ್ಕೇ ತಡೆ ಎಂಬ ಮೂರನ್ನು ಬಿಟ್ಟುಕೊಡಬಾರದು.