ವಿಧವೆಯ ಓಲೆ, ಮಗನ ಹೆಸರು

1738ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಊರಿನ ಮುದ್ರಕ ಲೂಯಿಸ್ ತಿಮೊಥಿ ತೀರಿಕೊಂಡ. ಜನವರಿಯ ಮೊದಲ ವಾರವೇ ಅವನ ‘ಸೌತ್ ಕೆರೊಲಿನಾ ಗೆಜೆಟ್’ ಮತ್ತೆ ಹೊರಬಂತು. ಅದರಲ್ಲಿ ಹೆಂಡತಿ ಎಲಿಜಬೆತ್ ಚಂದಾದಾರರಿಗೆ ಒಂದು ಓಲೆ ಬರೆದಿದ್ದಳು: ಇಲ್ಲಿಯವರೆಗೆ ಕೈಹಿಡಿದಿರಿ, ಮುಂದೆಯೂ ಬಿಡಬೇಡಿ, ಮನೆಯಲ್ಲಿ ಆರು ಚಿಕ್ಕ ಮಕ್ಕಳಿದ್ದಾರೆ, ಇನ್ನೊಂದು ಇಂದೋ ನಾಳೆಯೋ ಹುಟ್ಟಲಿದೆ.

ಕರುಣೆ ಬೇಡುವ ಮಾತಿನಂತಿದ್ದರೂ ಅದರೊಳಗೆ ವ್ಯಾಪಾರದ ಜಾಣತನವಿತ್ತು. ಪತ್ರಿಕೆ ಓದಲು ಸೊಗಸಾಗಿ, ತಪ್ಪಿಲ್ಲದೆ ಬರುತ್ತದೆಂಬ ಭರವಸೆಯನ್ನೂ ಆಕೆ ಕೊಟ್ಟಿದ್ದಳು. ಪ್ರಕಾಶಕನೆಂದು ಅಚ್ಚಾದದ್ದು ಮಾತ್ರ ಹದಿಮೂರರ ಆಸುಪಾಸಿನ ಮಗ ಪೀಟರ್‌ನ ಹೆಸರು. ಕಾರಣ ಕಾಗದದಲ್ಲಿತ್ತು. ಪಾಲುದಾರ ಬೆಂಜಮಿನ್ ಫ್ರಾಂಕ್ಲಿನ್ ಜೊತೆಗಿನ ಆರು ವರ್ಷದ ಕರಾರು ಇನ್ನೂ ಮುಗಿದಿರಲಿಲ್ಲ; ತಂದೆ ಸತ್ತರೆ ಮಗ ಮುಂದುವರಿಸಬಹುದೆಂದು ಅದರಲ್ಲಿ ಬರೆದಿತ್ತು.

ದುಡಿದವಳು ತಾಯಿ. ಗಂಡ ಲೆಕ್ಕವನ್ನೇ ಸರಿಯಾಗಿ ಕೊಡುತ್ತಿರಲಿಲ್ಲ, ಈಕೆ ಮೂರು ತಿಂಗಳಿಗೊಮ್ಮೆ ಚೊಕ್ಕವಾಗಿ ಕಳಿಸುತ್ತಿದ್ದಳು ಎಂದು ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಹಾಲೆಂಡಿನಲ್ಲಿ ಹುಡುಗಿಯರಿಗೂ ಲೆಕ್ಕ ಕಲಿಸುತ್ತಿದ್ದದ್ದೇ ಕಾರಣವಂತೆ! ಕರಾರು ಮುಗಿದ ಮೇಲೆ ಆಕೆ ಮುದ್ರಣಾಲಯವನ್ನೇ ಅವನಿಂದ ಕೊಂಡು, ಮಗನ ಕೈಗೆ ಒಪ್ಪಿಸಿದಳು.